ಹೆಬ್ಬೆರಳು

ಮಾತ್ರೆ ತುಟಿಯವರೆಗೆ ಬಂದಿತ್ತು. ಇನ್ನೊಂದು ಕೈಯಲ್ಲಿ ನೀರಿನ ಲೋಟ. ಆಗ ಹೆಬ್ಬೆರಳಿಗೆ ಏನೋ ತಗುಲಿತು: ಮಾತ್ರೆಯ ನಡುವೆ ಒಂದು ಗೀರು.

ತಾತ ಕೈ ಇಳಿಸಿದರು. ರಾತ್ರಿಯ ಮಾತ್ರೆ ನುಣುಪು, ಅದರ ಮೇಲೆ ಗೀರಿಲ್ಲ. ಹಾಗಾದರೆ ಇದು ಯಾವುದು?

ಕೋಣೆಯಲ್ಲಿದ್ದದ್ದು ಹಜಾರದಿಂದ ಬಾಗಿಲ ಸಂದಿಯಲ್ಲಿ ಬೀಳುತ್ತಿದ್ದ ಬೆಳಕು ಮಾತ್ರ. ಮೊಮ್ಮಗಳು ಮಲಗಿದ್ದಾಳೆ, ದೀಪ ಹಾಕಿದರೆ ಎಚ್ಚರವಾಗುತ್ತದೆ ಎಂದು ಅವರು ಪ್ರತಿದಿನವೂ ಹೀಗೆಯೇ ತಡಕಾಡಿ ಮಾತ್ರೆ ನುಂಗುತ್ತಿದ್ದರು. ಇಂದು ಎದ್ದು ಗುಂಡಿ ಒತ್ತಿದರು. ಕೈಯಲ್ಲಿದ್ದದ್ದು ಬೆಳಗಿನ ತಿಂಡಿಯ ಜೊತೆ ತೆಗೆದುಕೊಳ್ಳಬೇಕಾದ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್, 2 ಮಿಲಿಗ್ರಾಂ. ನುಂಗಬೇಕಾಗಿದ್ದದ್ದು ರಕ್ತದೊತ್ತಡದ್ದು.

ಮೀರಾ ಬಾಗಿಲಲ್ಲಿ ನಿಂತಿದ್ದಳು. "ಏನಾಯಿತು ತಾತ?"

"ಏನೂ ಇಲ್ಲ, ಮಲಗು."

ಅವಳು ಮಲಗಲಿಲ್ಲ. ಅಂಗೈ ನೋಡಿದಳು, ಮೇಜಿನ ಮೇಲಿದ್ದ ಮಾತ್ರೆಯ ಹಾಳೆಗಳನ್ನು ನೋಡಿದಳು, ಮುಖ ಬಿಳಿಚಿತು. ಸಂಜೆಯಿಂದ ತಾತ ಹೊಟ್ಟೆ ಸರಿಯಿಲ್ಲವೆಂದು ಊಟವನ್ನು ಅರ್ಧಕ್ಕೇ ಬಿಟ್ಟಿದ್ದರು. ಅಂಥ ಹೊಟ್ಟೆಗೆ ಆ ಮಾತ್ರೆ ಬಿದ್ದರೆ ಸಕ್ಕರೆ ನಿದ್ದೆಯಲ್ಲೇ ಕುಸಿಯಬಹುದು. ಮಲಗಿದವರಿಗೆ ಬೆವರು, ನಡುಕ ಗೊತ್ತಾಗದೆಯೂ ಹೋಗಬಹುದು. ವೈದ್ಯರು ಹೇಳಿದ್ದ ಈ ಮಾತನ್ನು ತಾತನಿಗಿಂತ ಅವಳೇ ಗಟ್ಟಿಯಾಗಿ ನೆನಪಿಟ್ಟುಕೊಂಡಿದ್ದಳು.

ಮರುದಿನ ಶಾಲೆಯಿಂದ ಬಂದವಳೇ ಮೇಜಿನ ಮುಂದೆ ಕುಳಿತಳು. ಹಾಳೆಗಳೆರಡೂ ಬೆಳ್ಳಿಬಣ್ಣ. ಸಾಲದ್ದಕ್ಕೆ ತಾತ ಅವುಗಳನ್ನು ಕತ್ತರಿಯಿಂದ ತುಂಡು ಮಾಡಿ ಡಬ್ಬಿಗೆ ತುಂಬಿದ್ದರು. ಒಂದು ತುಂಡಿನಲ್ಲಿ "ಗ್ಲಿಮೆ" ಇತ್ತು, ಮತ್ತೊಂದರಲ್ಲಿ ಹೆಸರೂ ಇಲ್ಲ, ಅವಧಿ ಮುಗಿಯುವ ತಿಂಗಳೂ ಇಲ್ಲ. ಆ ತುಂಡುಗಳನ್ನೆಲ್ಲ ಅವಳು ಬೇರೆಯಾಗಿ ತೆಗೆದಿಟ್ಟು, ಹೊಸ ಹಾಳೆಗಳ ಮೇಲೆ ಕೆಂಪು, ನೀಲಿ ಚೀಟಿ ಅಂಟಿಸಿದಳು.

"ಸರಿಹೋಯಿತಲ್ಲ" ಎಂದರು ತಾತ.

"ರಾತ್ರಿಯಾಗಲಿ, ನೋಡೋಣ."

ರಾತ್ರಿ ದೀಪ ಆರಿಸಿ ತಾನೇ ಅವರ ಮಂಚದ ಮೇಲೆ ಕುಳಿತಳು. ಕೆಂಪೂ ಕಪ್ಪು, ನೀಲಿಯೂ ಕಪ್ಪು. ಹದಿನಾಲ್ಕು ವರ್ಷದ ಕಣ್ಣಿಗೇ ಹೀಗಾದರೆ, ಪೊರೆ ಬೆಳೆಯುತ್ತಿರುವ ಎಪ್ಪತ್ತೆಂಟರ ಕಣ್ಣಿಗೆ? ಬಹಳ ಹೊತ್ತು ಕತ್ತಲೆಯಲ್ಲಿ ಸುಮ್ಮನೆ ಕುಳಿತಿದ್ದಳು.

"ತಾತ, ನಿನ್ನೆ ನಿಮಗೆ ಹೇಗೆ ಗೊತ್ತಾಯಿತು?"

"ಬೆರಳಿಗೆ ಗೊತ್ತಾಯಿತು."

ಮೂವತ್ತು ವರ್ಷ ಅವರು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದವರು. ಪ್ರತಿ ಮೊಳೆಯ ಮೈಯಲ್ಲಿ ಒಂದು ಗೀರಿರುತ್ತಿತ್ತು, ಅದು ಹೆಬ್ಬೆರಳಿಗೆ ಸಿಕ್ಕರೆ ಅಕ್ಷರ ನೆಟ್ಟಗಿದೆ ಎಂದು ಅರ್ಥ. ನೋಡಬೇಕಾಗಿಯೇ ಇರಲಿಲ್ಲ. ಅ, ಆ, ಒತ್ತಕ್ಷರಗಳು, ಒಂದೊಂದಕ್ಕೂ ಪೆಟ್ಟಿಗೆಯಲ್ಲಿ ಅದರದೇ ಮನೆ. ಇದನ್ನೆಲ್ಲ ಹೇಳುವಾಗ ಅವರ ಬೆರಳುಗಳು ಗಾಳಿಯಲ್ಲಿ ಆ ಮನೆಗಳನ್ನು ಹುಡುಕುತ್ತಿದ್ದವು.

"ಒಂದು ಮನೆಯ ಅಕ್ಷರ ಇನ್ನೊಂದರಲ್ಲಿ ಬಿದ್ದರೆ?"

"ಯಜಮಾನರು ಬೈಯುತ್ತಿದ್ದರು. ಮೊಳೆ ಬೆರೆಸಬಾರದು. ಅದೇ ಮೊದಲ ಪಾಠ."

"ಮತ್ತೆ ಮಾತ್ರೆಗಳನ್ನು ಯಾಕೆ ಒಂದೇ ಡಬ್ಬಿಯಲ್ಲಿ ಬೆರೆಸಿದಿರಿ?"

ತಾತನ ಬಳಿ ಉತ್ತರವಿರಲಿಲ್ಲ.

ಅವಳು ದೀಪ ಹಾಕಿ ಕೆಲಸಕ್ಕೆ ತೊಡಗಿದಳು. ಸಕ್ಕರೆಯ ಮಾತ್ರೆ ಊಟದ ಮೇಜಿನ ಪಕ್ಕದ ಕಪಾಟಿಗೆ ಹೋಯಿತು. ಇನ್ನು ಮೇಲೆ ಅದು ಮಲಗುವ ಕೋಣೆಗೆ ಬರುವಂತಿಲ್ಲ. ಮಂಚದ ಬಳಿ ಉಳಿದದ್ದು ರಾತ್ರಿಯ ಹಾಳೆಯೊಂದೇ, ಕತ್ತರಿಸದೆ ಇಡಿಯಾಗಿ. ಅದಕ್ಕೆ ದಪ್ಪನೆಯ ರಬ್ಬರ್ ಬ್ಯಾಂಡ್ ಒಂದನ್ನು ಎರಡು ಸುತ್ತು ಬಿಗಿದು, ತಾತನ ಕಣ್ಣು ಮುಚ್ಚಿಸಿ ಕೈಗಿಟ್ಟಳು. ಹೆಬ್ಬೆರಳು ರಬ್ಬರಿನ ಮೇಲೆ ಹೋಗಿ ನಿಂತಿತು.

"ಇದು ನೆಟ್ಟಗಿದೆ" ಎಂದರು.

"ಬೆರಳೊಂದನ್ನೇ ನಂಬುವಂತಿಲ್ಲ. ಮುಂದಿನ ತಿಂಗಳು ಬೇರೆ ಕಂಪನಿಯ ಮಾತ್ರೆ ಬಂದರೆ ಅದಕ್ಕೂ ಗೀರಿರಬಹುದು." ತನ್ನ ಓದುವ ದೀಪವನ್ನು ತಂದು ಅವರ ಕೈಗೆಟುಕುವಲ್ಲಿ ಇಟ್ಟಳು. "ದೀಪ ಹಾಕಬೇಕು. ಕನ್ನಡಕ ಹಾಕಬೇಕು. ಹೆಸರನ್ನು ನನಗೆ ಕೇಳಿಸುವಂತೆ ಓದಬೇಕು."

"ನಿನಗೆ ಎಚ್ಚರವಾಗುತ್ತದೆ."

"ಆಗಲಿ."

ಅವರು ಅವಳ ಮುಖವನ್ನೇ ನೋಡಿದರು. ಮುಂದೆ ವಾದಿಸಲಿಲ್ಲ.

ಮಾರನೆಯ ರಾತ್ರಿ ಹತ್ತಕ್ಕೆ ಮಂಚದ ಬಳಿ ದೀಪ ಹೊತ್ತಿಕೊಂಡಿತು. ಗೋಡೆಯಾಚೆಯಿಂದ ಮೀರಾಳಿಗೆ ರಬ್ಬರ್ ಬ್ಯಾಂಡ್ ಬಿಚ್ಚುವ ಸದ್ದು, ಆಮೇಲೆ ಕರಡು ತಿದ್ದುವವರ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಓದುವ ದನಿ ಕೇಳಿತು.

"ಅ... ಮ್ಲೊ... ಡಿ... ಪೈನ್. ಐದು ಮಿಲಿಗ್ರಾಂ."

"ಸರಿ ತಾತ" ಎಂದಳು ಅವಳು.