ಸಹನಾಳ ವಿಜ್ಞಾನ ಪ್ರಾಜೆಕ್ಟ್: ನವೆಂಬರ್ 3ರಿಂದ 24

ಸಹನಾ, ನಿನ್ನ ಪ್ರಶ್ನೆ ಚೆನ್ನಾಗಿದೆ: ನೀರಿನಲ್ಲಿ ಎಷ್ಟು ಉಪ್ಪಿದ್ದರೆ ಹೆಸರುಕಾಳು ಮೊಳೆಯಲ್ಲ? ಸಿಂಧನೂರಿನ ಕಡೆ ಕಾಲುವೆ ನೀರು ಜಾಸ್ತಿಯಾಗಿ ಸವಳಾದ ಹೊಲ ನೋಡಿದವರಿಗೆ ಇದು ಬರೀ ಶಾಲೆ ಲೆಕ್ಕ ಅಲ್ಲ. ದಿನಕ್ಕೆ ಅರ್ಧ ಗಂಟೆ ಸಾಕು. ಮೊಳಕೆಯನ್ನು ಕೊನೇ ರಾತ್ರಿ ಕೂತು ಬರಿಸೋಕಾಗಲ್ಲ, ಅದಕ್ಕೇ ಈ ಪಟ್ಟಿ.

ಸೋಮ 3: ಪ್ರಶ್ನೆಯನ್ನೂ ನಿನ್ನ ಊಹೆಯನ್ನೂ ನೋಟ್‌ಬುಕ್‌ನಲ್ಲಿ ಬರಿ. ಊಹೆ ಆಮೇಲೆ ತಿದ್ದಬೇಡ.

ಮಂಗಳ 4: ಕಾಳು, ಹತ್ತಿ, ಮುಚ್ಚಳ ಇರುವ 5 ಡಬ್ಬಿ, ಒಂದು ಲೀಟರಿನ 5 ಬಾಟಲಿ ಕೂಡಿಡು.

ಬುಧ 5: ಶಾಲೆ ಲ್ಯಾಬಿನ ತಕ್ಕಡಿಯಲ್ಲಿ ಉಪ್ಪು ತೂಗಿಸು: 2, 5, 10, 20 ಗ್ರಾಂ. ಚಮಚದ ಅಳತೆ ನಂಬಬೇಡ.

ಗುರುವಾರ 6: ಒಂದೊಂದು ಪೊಟ್ಟಣ ಒಂದೊಂದು ಬಾಟಲಿಗೆ ಹಾಕಿ, ಒಂದು ಲೀಟರ್ ಆಗುವಷ್ಟು ನೀರು ತುಂಬು. ಐದನೆಯದು ಬರೀ ನೀರು. ಅದಿಲ್ಲದಿದ್ದರೆ ಕಾಳು ಮೊಳೆಯದೆ ಇದ್ದದ್ದು ಉಪ್ಪಿನಿಂದಲೋ, ಕಾಳೇ ಹಾಳೋ ಗೊತ್ತಾಗಲ್ಲ.

ಶುಕ್ರ 7, ಸಂಜೆ 6: ಒಂದೊಂದು ಡಬ್ಬಿಗೆ ಒಂದೊಂದು ಬಾಟಲಿಯ ನೀರಿನಲ್ಲಿ ಒದ್ದೆ ಮಾಡಿದ ಹತ್ತಿ, ಮೇಲೆ 20 ಕಾಳು. ಇಪ್ಪತ್ತು ಯಾಕೆ? ಒಂದು ಕಾಳು ಅಂದರೆ ಸರಿಯಾಗಿ 5%. ಎಲ್ಲಕ್ಕೂ ಒಂದೇ ಅಳತೆ ನೀರು, ಒಂದೇ ಕಪಾಟು.

ಶನಿ 8ರಿಂದ ಬುಧ 12: ದಿನಾ ಸಂಜೆ 6ಕ್ಕೆ ಎಣಿಸು. ಬಿಳಿ ಬೇರು 2 ಮಿ.ಮೀ. ಹೊರಗೆ ಬಂದಿದ್ದರೆ ಮಾತ್ರ ‘ಮೊಳೆತಿದೆ’. ಕಾಳು ಸುಮ್ನೆ ಉಬ್ಬಿದ್ದರೆ ಲೆಕ್ಕಕ್ಕಿಲ್ಲ. ಹತ್ತಿ ಒಣಗಿದರೆ ಬರೀ ನೀರು ಚಿಮುಕಿಸು. ಆರಿಹೋಗೋದು ನೀರು, ಉಪ್ಪು ಅಲ್ಲೇ ಉಳಿಯುತ್ತೆ. ಬೂಸ್ಟು ಬಂದರೆ ಮುಚ್ಚಿಡಬೇಡ, ಬರೆದುಕೋ. ಫೋನಿನಲ್ಲಿ ದಿನಕ್ಕೊಂದು ಫೋಟೋ, ಪಕ್ಕದಲ್ಲಿ ಸ್ಕೇಲ್.

ಗುರುವಾರ 13: ಖಾಲಿ. ಏನಾದರೂ ತಪ್ಪಿದ್ದರೆ ಇವತ್ತು.

ಶುಕ್ರ 14: ಮಕ್ಕಳ ದಿನಾಚರಣೆ ಮುಗಿಸಿ ಬಂದ ಮೇಲೆ ಎರಡನೇ ಸುತ್ತು ಇಡು, ಅದೇ ಬಾಟಲಿಗಳ ನೀರಿನಲ್ಲಿ. ಒಂದೇ ಸಲ ಮಾಡಿದ್ದನ್ನು ನಾನಂತೂ ನಂಬಲ್ಲ, ಪರೀಕ್ಷಕರೂ ಕೇಳೇ ಕೇಳ್ತಾರೆ. 15ರಿಂದ 19ರವರೆಗೆ ಮತ್ತೆ ಎಣಿಕೆ. ಎಣಿಕೆಗೆ ಹತ್ತು ನಿಮಿಷ, ಉಳಿದ ಇಪ್ಪತ್ತರಲ್ಲಿ ಇವು:

ಶನಿ 15: ಪೀಠಿಕೆ, ಅರ್ಧ ಪುಟ. ಉಪ್ಪುನೀರಿನಿಂದ ಬೀಜ ನೀರು ಹೀರೋದು ಯಾಕೆ ಕಷ್ಟ ಅನ್ನೋದನ್ನು ನಿನ್ನ ಮಾತಿನಲ್ಲೇ ಬರಿ.
ಭಾನು 16: ಅಜ್ಜನ ಜೊತೆ ಹೊಲಕ್ಕೆ ಹೋಗು. ಮಣ್ಣಿನ ಮೇಲೆ ಕಟ್ಟಿದ ಬಿಳಿ ಉಪ್ಪಿನ ಪದರದ ಫೋಟೋ ತೆಗಿ. ಅಲ್ಲಿ ಮೊದಲು ಏನು ಬೆಳೀತಿದ್ದರು ಅಂತ ಅಜ್ಜನ್ನೇ ಕೇಳು.
ಸೋಮ 17: ಮೊದಲ ಸುತ್ತಿನ ಗ್ರಾಫ್.
ಮಂಗಳ 18: ಮಾಡಿದ ವಿಧಾನ.
ಬುಧ 19: ಎಣಿಕೆ ಮಾತ್ರ.

ಗುರುವಾರ 20: ಎರಡೂ ಸುತ್ತಿನ ಸರಾಸರಿ ತೆಗೆದು ಫಲಿತಾಂಶ ಬರಿ. ಊಹೆ ಸುಳ್ಳಾಗಿದ್ದರೆ ಹಾಗೇ ಬರಿ, ಅಂಕ ಹೋಗಲ್ಲ.
ಶುಕ್ರ 21: ಚಾರ್ಟ್.
ಶನಿ 22: ನನಗೆ ಫೋನ್ ಮಾಡಿ 3 ನಿಮಿಷದಲ್ಲಿ ಹೇಳು. ನಾನು ಅಡ್ಡ ಪ್ರಶ್ನೆ ಕೇಳ್ತೀನಿ.
ಭಾನು 23: ಖಾಲಿ.

ಒಂದು ದಿನ ತಪ್ಪಿತು ಅಂತ ಮರುದಿನ ಎರಡು ದಿನದ ಕೆಲಸ ಹೇರಿಕೊಳ್ಳಬೇಡ, ಖಾಲಿ ದಿನಕ್ಕೆ ತಳ್ಳು. ಎಣಿಕೆ ಮಾತ್ರ ತಳ್ಳೋ ಹಾಗಿಲ್ಲ. ನೀನು ಊರಲ್ಲಿಲ್ಲ ಅಂದರೆ ಅಮ್ಮ ಎಣಿಸಿ ಬರೆದಿಡಲಿ.

ಸೋಮವಾರ 24ಕ್ಕೆ ಚಾರ್ಟ್ ಮಡಚದೆ ಸುತ್ತಿಕೊಂಡು ಹೋಗು. ನೋಟ್‌ಬುಕ್ ಮರೀಬೇಡ.

ನಿನ್ನ ಕಾಕಾ