ಹೊಳೆಬದಿ ದೇವಸ್ಥಾನದ ನೆರೆ–ಚಂಡಮಾರುತ ಯೋಜನೆ (ಸಾಗರ ತಂಡದ ಪ್ರತಿ)

ಹೊನ್ನಾವರ ಕಡೆ, ಶರಾವತಿ ಅಳಿವೆ ಹತ್ತಿರದ ದೇವಸ್ಥಾನಕ್ಕೆ ಮಾಡಿದ್ದು. ಇನ್ನೊಂದು ಪ್ರತಿ ಅಲ್ಲಿನ ಭಂಡಾರದ ಬಾಗಿಲ ಹಿಂದೆ ಅಂಟಿಸಿದೆ.

ಎಚ್ಚರ ಯಾವಾಗ

ಕೆಳಗೆ ಬಿಸಿಲಿದೆ ಅಂತ ಸುಮ್ನೆ ಕೂರಬೇಡಿ. ಘಟ್ಟದ ಮೇಲೆ ಸುರಿದದ್ದು ಕೊನೆಗೆ ಆ ಅಂಗಳದ ಮುಂದೇ ಹಾಯಬೇಕು. ಲಿಂಗನಮಕ್ಕಿ ಅಣೆಕಟ್ಟಿನ ಪೂರ್ತಿ ಮಟ್ಟ 1819 ಅಡಿ. 1812 ದಾಟಿದ ದಿನದಿಂದ ನಾವು ಬೆಳಗ್ಗೆ, ಸಂಜೆ ಮಟ್ಟ ವಿಚಾರಿಸಿ ಅರ್ಚಕರಿಗೆ ಫೋನ್ ಮಾಡುತ್ತೇವೆ. ಗೇಟು ತೆಗೆಯುವ ಸೂಚನೆ ಬಂದರೆ ಉಬ್ಬರದ ಹೊತ್ತನ್ನೂ ನೋಡಬೇಕು. ಉಬ್ಬರಕ್ಕೆ ಸಿಕ್ಕಿದ ಹೊಳೆ ಕಡಲಿಗೆ ಇಳಿಯದೆ ದಡ ಹತ್ತುತ್ತದೆ.

ಚಂಡಮಾರುತದ ಕಾಲ ಬೇರೆ: ಮಳೆಗಾಲದ ಮುಂಚೆ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. 2021ರಲ್ಲಿ ತೌಕ್ತೆ ಮೇ ತಿಂಗಳಲ್ಲೇ ಬಂತಲ್ವಾ? ಹಾಗಾಗಿ ಸಾಮಾನು ಏಪ್ರಿಲ್ ಕೊನೆಗೇ ಸಿದ್ಧವಿರಲಿ. ರೆಡ್ ಅಲರ್ಟ್ ಬಂದ ಮೇಲೆ ಯಾರೂ ಒಳಗೆ ಹೋಗುವಂತಿಲ್ಲ. ಕೆಲಸವೆಲ್ಲ ಆರೆಂಜ್‌ನಲ್ಲೇ ಮುಗಿಯಬೇಕು.

ಮೊದಲು ಎತ್ತುವುದು ಯಾವುದು

ಬೆಲೆ ನೋಡಬೇಡಿ, ನೀರು ಯಾವುದನ್ನು ಅಳಿಸುತ್ತದೆ ನೋಡಿ.

1. ಕಡತ, 3. ಹುಣಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆ, ಬರಹ ಬಳಪದ್ದು. ಒದ್ದೆ ಕೈ ಸವರಿದರೂ ಸಾಕು, ಅಕ್ಷರ ಹೋಯಿತು. ಒರೆಸಲೇಬೇಡಿ.
2. ಶಾಯಿಯಲ್ಲಿ ಬರೆದ ಲೆಕ್ಕದ ಪುಸ್ತಕ, 6.
3. ತಾಳೆಗರಿ ಕಟ್ಟು, 14. ಇದನ್ನು ಮೂರನೆಯದಾಗಿ ಇಟ್ಟಿದ್ದಕ್ಕೆ ಜಗಳವೇ ಆಯಿತು. ಆದರೆ ಅಕ್ಷರ ಕಂಟ ಅನ್ನುವ ಕಬ್ಬಿಣದ ಮೊನೆಯಿಂದ ಕೊರೆದದ್ದು. ಮಸಿ ತೊಳೆದು ಹೋದರೂ ಗೀರು ಉಳಿಯುತ್ತದೆ.
4. ಪಲ್ಲಕ್ಕಿಯ ಬಣ್ಣದ ಮರದ ತುಂಡುಗಳು.

ಉತ್ಸವಮೂರ್ತಿಯನ್ನು ಅರ್ಚಕರೇ ಎತ್ತುತ್ತಾರೆ. ತಾಮ್ರಪಟ ಕೊನೆಗೆ. ಕಲ್ಲಿನ ವಿಗ್ರಹ ಮುಟ್ಟಬೇಡಿ. ಉಪ್ಪುನೀರು ನುಗ್ಗಿದ್ದರೆ ಆಮೇಲೆ ಸಿಹಿನೀರಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಉಪ್ಪು ಒಣಗಿ ಕಲ್ಲು ಪುಡಿಯಾಗುತ್ತದೆ.

ಹೇಗೆ

ಹೋದ ವರ್ಷದ ತಾಲೀಮಿನಲ್ಲಿ ಕಬ್ಬಿಣದ ಟ್ರಂಕು ನಾಲ್ಕು ಜನಕ್ಕೂ ಜಗ್ಗಲಿಲ್ಲ. ಬಾಗಿಲಲ್ಲೇ ಸಿಕ್ಕಿಕೊಂಡಿತು. ಈಗ ತರಕಾರಿ ಕ್ರೇಟು 10 ಇಟ್ಟಿದ್ದೇವೆ, ಒಳಗಿನ ನೀರೂ ಬಸಿದು ಹೋಗುತ್ತದೆ. ಪ್ರತಿ ಕ್ರೇಟಿಗೆ ನಂಬರು, ಒಳಗೇನಿದೆ ಅನ್ನುವ ಚೀಟಿ, ಒಂದು ಫೋಟೋ.

ಒದ್ದೆಯಾದ ಕಟ್ಟನ್ನು ಅಲ್ಲೇ ಬಿಚ್ಚಬೇಡಿ. 48 ಗಂಟೆಯೊಳಗೆ ಬೂಸಲು ಶುರುವಾಗಬಹುದು, ಅಷ್ಟರಲ್ಲಿ ಸಾಗರಕ್ಕೆ ತಲುಪಿಸಿ. ಇಲ್ಲಿ ಹಜಾರದಲ್ಲಿ ಫ್ಯಾನು, ಒತ್ತುಕಾಗದ, ಜನರೇಟರ್ ಇದೆ. ಅಡಿಕೆ ಒಣಗಿಸುವ ಒಲೆ ಮೇಲೆ ಇಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ, ಕೇಳಬೇಡಿ. ಬಿಸಿಗೆ ಗರಿ ಸುರುಟಿ ಸೀಳುತ್ತದೆ.

ಮಲೆಮನೆ ಘಾಟಿಯಲ್ಲಿ ಧರೆ ಕುಸಿದರೆ ನಮ್ಮ ಪಿಕಪ್ ಇಳಿಯುವುದಿಲ್ಲ. ಆಗ ಕಾಯದೆ, ಕ್ರೇಟುಗಳನ್ನು ಗುಡ್ಡದ ಮೇಲಿನ ಶಾಲೆಗೆ ಒಯ್ಯಿರಿ. ಶಾಲೆಯ ಕೀಲಿ ಅರ್ಚಕರ ಮನೆಯಲ್ಲಿದೆ.