ಶುಲ್ಕದ ಸಾಲಿನವರೆಗೆ ಓದಿ ನಿಲ್ಲಿಸಿದಿರಾ?

ನಮ್ಮ ಟ್ಯಾಲಿ ಮತ್ತು ಜಿಎಸ್‌ಟಿ ಸಂಜೆ ತರಗತಿಯ ಪುಟ ನೋಡಿದ್ದೀರಿ, ಹೆಸರು ನೋಂದಾಯಿಸಿಲ್ಲ. ಯೋಚಿಸಬೇಕಾದದ್ದೇ, 8,500 ರೂಪಾಯಿ ಸಣ್ಣ ಮೊತ್ತವಲ್ಲ.

ಹಾಗಾದರೆ ಮೊದಲು ಒಂದು ಪಾಠಕ್ಕೆ ಬಂದು ಕುಳಿತುಕೊಳ್ಳಿ, ಉಚಿತವಾಗಿ. ಈ ಶನಿವಾರ ಸಂಜೆ 6.30ಕ್ಕೆ, ಮಂಗಳೂರಿನ ಹಂಪನಕಟ್ಟೆಯಲ್ಲಿ. ಅಂದಿನ ಕೆಲಸ: ಬಂದರಿನ ಸಗಟು ಅಂಗಡಿಯೊಂದರ ಖರೀದಿ ಬಿಲ್ಲುಗಳನ್ನು ಜಿಎಸ್‌ಟಿ ಪೋರ್ಟಲ್ ತಾನೇ ತಯಾರಿಸುವ ಖರೀದಿ ಪಟ್ಟಿಯಾದ ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವುದು. ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸದ ಬಿಲ್ಲು ಅಲ್ಲಿ ಕಾಣುವುದಿಲ್ಲ. ಆಗ ಆ ಖರೀದಿಗೆ ಕಟ್ಟಿದ ತೆರಿಗೆಯ ಕ್ರೆಡಿಟ್ ಮಾಲೀಕರ ಕೈಗೆ ಸಿಗುವುದಿಲ್ಲ. 20ನೇ ತಾರೀಕಿನ ಮಾಸಿಕ ರಿಟರ್ನ್‌ಗೆ ಮೊದಲೇ ಇದನ್ನು ಹಿಡಿಯಬಲ್ಲವರು ಯಾವ ಅಂಗಡಿಗೆ ಬೇಡ?

ಉಡುಪಿ, ಸುರತ್ಕಲ್ ಕಡೆಯವರ ಬಸ್ಸಿನ ಚಿಂತೆ ನಮಗೆ ಗೊತ್ತು. ತರಗತಿ 8ಕ್ಕೆ ಮುಗಿಯುತ್ತದೆ, ಮಳೆಗಾಲದಲ್ಲಿ 7.45ಕ್ಕೇ ಬಿಡುತ್ತೇವೆ. ತಪ್ಪಿದ ಪಾಠವನ್ನು ಮುಂದಿನ ತಂಡದ ಜೊತೆ ಕೇಳಬಹುದು. ಶುಲ್ಕವನ್ನು ಎರಡು ಕಂತಿನಲ್ಲಿ ಕಟ್ಟಿದರಾಯಿತು.

ಕೆಲಸ ಖಚಿತ ಎಂದು ಮಾತ್ರ ಹೇಳುವುದಿಲ್ಲ. ಹಾಗೆ ಹೇಳುವವರನ್ನು ನೀವೂ ನಂಬಬೇಡಿ.

ಒಂದು ತಂಡಕ್ಕೆ 16 ಮಂದಿ, ಪ್ರತಿಯೊಬ್ಬರಿಗೂ ಪ್ರತ್ಯೇಕ ಕಂಪ್ಯೂಟರ್.

ಶನಿವಾರದ ಪಾಠಕ್ಕೆ ಸೀಟು ಕಾಯ್ದಿರಿಸಿ